ಅನ್ನದಲ್ಲಿ ಪೌಂಡು, ಅಪ್ಪನಲ್ಲಿ ಯೆನ್ನು

ಆ ಪ್ರಕಟಣೆ ನೀವೂ ನೋಡಿರ್ತೀರ. ಅಂದ್ರೆ ನೋಡಿರಲ್ಲ, ಅದೇ ಈಗಿನ ಸಮಸ್ಯೆ. ಒಂದು ಕಚೇರಿಯವರು ಕನ್ನಡ ಬಳಕೆ ಬಗ್ಗೆ ಒಂದು ಕಾರ್ಯಕ್ರಮ ಇಟ್ಕೊಂಡಿದ್ದಾರೆ, ಎಲ್ಲರೂ ಬನ್ನಿ ಅಂತ ವೆಬ್‌ಸೈಟಿನಲ್ಲಿ ಪ್ರಕಟಣೆ ಹಾಕಿದ್ದಾರೆ. ನಾನು ಸರ್ಚ್ ಮಾಡ್ದೆ, ಅಚ್ಚ ಕನ್ನಡದಲ್ಲಿ ಟೈಪ್ ಮಾಡಿ, ಹಿಂದೆ ಮುಂದೆ ಪದ ಬದಲಾಯಿಸಿ, ಕೊನೆಗೆ ಕಚೇರಿ ಹೆಸರನ್ನೇ ಹಾಕಿ. ಸಿಗಲಿಲ್ಲ. ಗೆಳೆಯ ಒಬ್ಬ ಲಿಂಕ್ ಕಳಿಸ್ದ, ಫೋನಲ್ಲಿ ತೆಗೆದ್ರೆ ಮೇಲ್ಗಡೆ ದಪ್ಪಕ್ಷರದಲ್ಲಿ ಹೀಗಿದೆ:

```
PÀ£ÀßqÀ §¼À¹
```

ಇದು "ಕನ್ನಡ ಬಳಸಿ" ಅಂತ. ನಂಬಿ, ಹಾಗೇ ಇದೆ. ಫೋನ್ ಮಾಡಿ ಕೇಳಿದ್ದಕ್ಕೆ ಅಲ್ಲಿಯವರು ತುಂಬಾ ವಿನಯದಿಂದ "ನಮ್ ಸಿಸ್ಟಮ್ಮಲ್ಲಿ ಸರಿಯಾಗೇ ಕಾಣ್ತಿದೆ ಸಾರ್" ಅಂದ್ರು. ಸುಳ್ಳಲ್ಲ ಅದು. ಅವರ ಸಿಸ್ಟಮ್ಮಲ್ಲಿ ಸರಿಯಾಗೇ ಕಾಣತ್ತೆ. ಈ ಕನ್ನಡ ಓದಬೇಕು ಅಂದ್ರೆ ನಾವೆಲ್ಲ ಅವರ ಟೇಬಲ್ ಹತ್ರ ಸಾಲಾಗಿ ನಿಂತ್ಕೊಳ್ಳಬೇಕು, ಅಷ್ಟೇ.

ಯಾಕೆ ಹೀಗೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹಳೇ ಕಥೆ. ಆಗಿನ ಫಾಂಟಲ್ಲಿ ಇದ್ದದ್ದೇ 256 ಮನೆ, ಅದರಲ್ಲಿ ಅರ್ಧ ಇಂಗ್ಲಿಷಿನವರದ್ದು. ನಮ್ಮ ಕಾಗುಣಿತ, ಒತ್ತು, ದೀರ್ಘ ಎಲ್ಲಾ ಅಲ್ಲಿ ಹಿಡಿಸಲ್ಲ. ಹಾಗಾಗಿ ಜಾಣರು ಒಂದು ಕೆಲಸ ಮಾಡಿದ್ರು: ಅಕ್ಷರವನ್ನೇ ತುಂಡು ಮಾಡಿ, ತುಂಡುಗಳನ್ನ ಇಂಗ್ಲಿಷ್ ಮತ್ತೆ ಯುರೋಪಿನ ಅಕ್ಷರಗಳ ಮನೇಲಿ ಬಾಡಿಗೆಗೆ ಕೂರಿಸಿದ್ರು. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟುಗಳಲ್ಲಿ P ಅಂದ್ರೆ ತಲೆ ಇಲ್ಲದ ಕ, À ಅಂದ್ರೆ ಅದರ ತಲೆಕಟ್ಟು, ಎರಡೂ ಸೇರಿದ್ರೆ ಕ. ß ಅಂದ್ರೆ ನ ಒತ್ತು. ಕಂಪ್ಯೂಟರಿಗೆ ಕನ್ನಡ ಅಂದ್ರೇನು ಅಂತಾನೇ ಗೊತ್ತಿರಲಿಲ್ಲ, P ಗೆ ಕ ವೇಷ ಹಾಕಿಸಿ ಕಣ್ಣಿಗೆ ಮೋಸ ಮಾಡಿದ್ದು. ಪೇಪರ್ ಮೇಲೆ ಪ್ರಿಂಟ್ ತೆಗೆಯೋಕೆ ಅದ್ಭುತ ಐಡಿಯಾ, ಎಷ್ಟೋ ಪುಸ್ತಕ, ಪೇಪರು, ಲಗ್ನಪತ್ರಿಕೆ ಅದರಲ್ಲೇ ಆಗಿವೆ, ಅದನ್ನ ನಾನು ಗೇಲಿ ಮಾಡಲ್ಲ.

ಗೇಲಿ ಮಾಡೋದು ಈ ಬಾಡಿಗೆದಾರರ ಪಟ್ಟಿ ನೋಡಿ. ನಮ್ಮ ನ ಇರೋದು ಪೌಂಡ್ ಚಿಹ್ನೆ ಮನೇಲಿ, ಪ ಇರೋದು ಜಪಾನಿನ ಯೆನ್ ಚಿಹ್ನೆ ಮನೇಲಿ. ಅಂದ್ರೆ ಅನ್ನ ಅಂತ ಬರೆದ್ರೆ C£Àß, ಅಪ್ಪ ಅಂದ್ರೆ C¥Àà. ನಮ್ಮ ಅಪ್ಪ ಜೀವಮಾನದಲ್ಲಿ ವಿದೇಶಿ ದುಡ್ಡು ಮುಟ್ಟಿದವರಲ್ಲ, ಫಾಂಟಲ್ಲಿ ಮಾತ್ರ ಯೆನ್ ಇಟ್ಕೊಂಡು ಓಡಾಡ್ತಿದ್ದಾರೆ. ಲ ಅನ್ನೋದಕ್ಕೆ ®, ಯಾರೋ ಲ ಅಕ್ಷರಾನ ಟ್ರೇಡ್‌ಮಾರ್ಕ್ ಮಾಡಿಸ್ಕೊಂಡ ಹಾಗೆ. ಬ ಅಂದ್ರೆ ಕಾನೂನು ಪುಸ್ತಕದ ಸೆಕ್ಷನ್ ಚಿಹ್ನೆ. ಳ ಬರೆಯೋಕೆ ಕಾಲು, ಅಂದ್ರೆ ¼, ನಡೆಯೋ ಕಾಲಲ್ಲ. ಸಿ ಅಂದ್ರೆ ತಲೆ ಮೇಲೆ ಕೂತ ಸಣ್ಣ ಒಂದು. ಈಗ ಮೇಲಿನ "ಬಳಸಿ" ಇನ್ನೊಂದ್ಸಲ ಓದಿ: ಸೆಕ್ಷನ್ನು, ಕಾಲು, ತಲೆಕಟ್ಟು, ಒಂದು. ಎಫ್‌ಐಆರ್ ಓದಿದ ಹಾಗಿಲ್ವಾ.

ಈ ವೇಷ ಮನುಷ್ಯರ ಮುಂದೆ ನಡೆಯತ್ತೆ, ಸರ್ಚ್ ಎಂಜಿನ್ ಮುಂದೆ ನಡೆಯಲ್ಲ, ಯಾಕಂದ್ರೆ ಅದು ಫಾಂಟ್ ನೋಡೋದೇ ಇಲ್ಲ. ಅದಕ್ಕೆ ಕಣ್ಣಿಲ್ಲ, ಬರೀ ನಂಬರ್ ಓದತ್ತೆ. ನಾನು ಟೈಪ್ ಮಾಡಿದ್ದು ಯೂನಿಕೋಡಲ್ಲಿ, ಅಂದ್ರೆ ಒಂದೊಂದು ಭಾಷೆಯ ಅಕ್ಷರಕ್ಕೂ ಅದರದ್ದೇ ಸ್ವಂತ ನಂಬರ್ ಕೊಟ್ಟಿರೋ ಪದ್ಧತೀಲಿ. ನಾನು ಹುಡುಕಿದ್ದು ಮೇಲಿನದ್ದು, ಅವರು ಹಾಕಿರೋದು ಕೆಳಗಿಂದು:

```
ಕನ್ನಡ    0C95 0CA8 0CCD 0CA8 0CA1
PÀ£ÀßqÀ  50 C0 A3 C0 DF 71 C0
```

ಒಂದೇ ಒಂದು ನಂಬರ್ ಆದ್ರೂ ಕೂಡತ್ತಾ ನೋಡಿ. ಇವೆರಡೂ ಒಂದೇ ಪದ ಅಂತ ಆ ಮೆಷಿನ್ನಿಗೆ ಯಾವ ಪುಣ್ಯಾತ್ಮ ಹೇಳಬೇಕು?

ಹೋಗ್ಲಿ, ಹಾಗಿದ್ದದ್ದನ್ನ ಹಾಗೇ ಇಟ್ಕೊಳ್ಳತ್ತಾ ಅಂದ್ರೆ ಅದೂ ಇಲ್ಲ. ಸರ್ಚ್ ಎಂಜಿನ್ನುಗಳು ಸಾಮಾನ್ಯವಾಗಿ ಪಠ್ಯಾನ ಪದ ಪದವಾಗಿ ಕತ್ತರಿಸಿ, ದೊಡ್ಡಕ್ಷರ ಎಲ್ಲಾ ಚಿಕ್ಕದು ಮಾಡಿ, ತಲೆ ಮೇಲಿನ ಗೆರೆ ಚುಕ್ಕಿ ಅಳಿಸಿ ಇಟ್ಕೊಳ್ತವೆ, ಇಂಗ್ಲಿಷ್ ಫ್ರೆಂಚ್ ಹುಡುಕೋರಿಗೆ ಅನುಕೂಲ ಆಗ್ಲಿ ಅಂತ. ನಮ್ಮ PÀ£ÀßqÀ ಅದರ ಕೈಗೆ ಸಿಕ್ಕಿದ್ರೆ ಏನಾಗತ್ತೆ? ಪೌಂಡ್ ಚಿಹ್ನೆ ಅಕ್ಷರ ಅಲ್ಲ, ಹಾಗಾಗಿ ಪದ ಅಲ್ಲೇ ಎರಡು ಹೋಳು. ಉಳಿದ ಅಕ್ಷರಗಳ ತಲೆಕಟ್ಟು ಹೋಗಿ ಸಾದಾ a ಆಗತ್ತೆ, ಆ ಜರ್ಮನ್ ß ಎರಡು s ಆಗತ್ತೆ. ಕೊನೆಗೆ ಕನ್ನಡ ಅನ್ನೋದು ಸೂಚಿಯಲ್ಲಿ ಉಳಿಯೋದು ಹೀಗೆ:

```
pa
assqa
```

ಅಸ್ಕ್ವ. ಎರಡು ಸಾವಿರ ವರ್ಷದ ಭಾಷೆ, ಕೊನೆಗೆ ಸೀನಿದ ಸದ್ದು. ಆನೆ ಅಂದ್ರೆ D£É, ಜನ ಅಂದ್ರೆ d£À, ದೊಡ್ಡಕ್ಷರ ಚಿಕ್ಕದಾದ ಮೇಲೆ ಆ ಯಾವುದು ಜ ಯಾವುದು ಗೊತ್ತೇ ಆಗಲ್ಲ, ಆನೇನೂ ಜನಾನೂ ಒಂದೇ ಅಕ್ಷರದಲ್ಲಿ ಶುರು. ಇಂಥಾ ಪುಟ ಕನ್ನಡದ್ದು ಅಂತ ಗುರುತು ಹಿಡಿಯೋಕಾದ್ರೂ ಅಲ್ಲೇನಿದೆ? ಅಕ್ಷರ ನೋಡಿದ್ರೆ ಲ್ಯಾಟಿನ್ನು, ಭಾಷೆ ನೋಡಿದ್ರೆ ಯಾವ ದೇಶದ್ದೂ ಅಲ್ಲ. ಪುಟದ ಟೈಟಲ್ ಅಂತೂ ಇನ್ನೂ ಮಜಾ, ಬ್ರೌಸರ್ ಟ್ಯಾಬಿಗೂ ಸರ್ಚ್ ರಿಸಲ್ಟಿಗೂ ನಿಮ್ಮ ಫಾಂಟ್ ಹಾಕೋಕಾಗಲ್ಲ, ಹಾಗಾಗಿ ಒಳಗೆ ಎಷ್ಟು ವೇಷ ಕಟ್ಟಿದ್ರೂ ಹೆಸರಿನ ಬೋರ್ಡಲ್ಲಿ P ಬತ್ತಲೆ ನಿಂತಿರತ್ತೆ.

ಒಂದು ಮಾತು, ಎಲ್ಲಾ ಗಿಜಿಬಿಜಿನೂ ಇದೇ ಕಾಯಿಲೆ ಅಲ್ಲ. ಪರದೆ ತುಂಬಾ à² à² à² ಅಂತ ಜಪ ಮಾಡ್ತಿದ್ರೆ ಅದು ಒಳ್ಳೇ ಯೂನಿಕೋಡೇ, ಓದೋ ಬ್ರೌಸರಿಗೆ ಯಾವ ಎನ್‌ಕೋಡಿಂಗ್ ಅಂತ ಯಾರೂ ಹೇಳಿಲ್ಲ ಅಷ್ಟೇ. ಸರ್ವರ್ ತಪ್ಪು ಹೇಳ್ತಿಲ್ಲ ಅಂದ್ರೆ ಪುಟದ ತಲೆಗೆ ಈ ಒಂದು ಸಾಲು ಹಾಕಿದ್ರೆ ಮುಗೀತು:

```html
<meta charset="utf-8">
```

ಖಾಲಿ ಚೌಕಗಳು ಕಂಡ್ರೆ ಅಲ್ಲಿ ಅಕ್ಷರ ಇದೆ, ನಿಮ್ಮ ಹತ್ರ ಫಾಂಟ್ ಇಲ್ಲ. PÀ ಕಂಡ್ರೆ ಮಾತ್ರ ಅಲ್ಲಿ ಕನ್ನಡಾನೇ ಇಲ್ಲ. ಅನುಮಾನ ಇದ್ರೆ ಆ ಪಠ್ಯಾನ ಕಾಪಿ ಮಾಡಿ ಫೋನಿನ ಮೆಸೇಜ್ ಬಾಕ್ಸಲ್ಲಿ ಪೇಸ್ಟ್ ಮಾಡಿ, ವೇಷ ಕಳಚಿ ಬೀಳತ್ತೆ.

ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲೇ ಬಂತು, ಕನ್ನಡ ಅದರಲ್ಲೇ ಇತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟ್ ಬಂತು. ಇವತ್ತು ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಇದೆ, ಕೀಬೋರ್ಡ್ ವಿನ್ಯಾಸ ಅದೇ, ಬೆರಳಿನ ಅಭ್ಯಾಸ ಅದೇ, ಬರೀ ಮೋಡ್ ಬದಲಾಯಿಸಬೇಕು. ಅದನ್ನ ಮಾಡಲ್ಲ. ಮಾಡಲ್ಲ ಅಂದ್ರೆ ಮಾಡಲ್ಲ, ಹಿಂದಿನವರು ಹೀಗೇ ಮಾಡಿದ್ರು, ಟೆಂಪ್ಲೇಟ್ ಹೀಗೇ ಇದೆ ಸಾರ್. ನಿಜ ಹೇಳ್ಬೇಕು ಅಂದ್ರೆ ನಗು ಬರಲ್ಲ ನಂಗೆ ಈಗ. ಯಾರೋ ವರ್ಷಗಟ್ಟಲೆ ಕೂತು ಊರಿನ ಚರಿತ್ರೆ ಬರೆದಿರ್ತಾರೆ, ಗಿಡಮರದ ಹೆಸರು ಕಲೆಹಾಕಿರ್ತಾರೆ, ಅದನ್ನ ಹಳೇ ಫಾಂಟಲ್ಲೇ ನೆಟ್ಟಿಗೆ ಹಾಕಿರ್ತಾರೆ, ಅದು ಒಬ್ಬನಿಗೂ ಸಿಗಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನ ಪಿ ಎ ಪೌಂಡ್ ಅಂತೇನೋ ಗೊಣಗತ್ತೆ, ಆಮೇಲೆ ಭಾಷಣ ಮಾಡೋರು ಬಂದು ನೆಟ್ಟಲ್ಲಿ ಕನ್ನಡದಲ್ಲಿ ಏನೂ ಇಲ್ಲ ಅಂತಾರೆ. ಇದೆ ಸ್ವಾಮಿ. ನೀವೇ ಹೂತು ಹಾಕಿದ್ದೀರಿ.

ಸರಿ, ಆ ಪ್ರಕಟಣೆಗೆ ವಾಪಸ್ ಬರೋಣ. ನನ್ನ ಫೋನಿಗೆ ಬೆಲೆ ಕೊಟ್ಟು ಪಾಪ ಅವರು ಯೂನಿಕೋಡಿಗೆ ಬದಲಾಯಿಸಿದ್ರು. ಹೇಗೆ ಅಂದ್ರೆ ಹೊಸದಾಗಿ ಟೈಪ್ ಮಾಡಿಸಿ. ಟೈಪ್ ಮಾಡಿದವರಿಗೆ ಅರ್ಕಾವತ್ತು ಹೇಗೆ ಬರತ್ತೆ ಗೊತ್ತಿರಲಿಲ್ಲ, ಹಾಗಾಗಿ ಅದೇ ಥರ ಕಾಣೋ ಇನ್ನೊಂದನ್ನ ಹುಡುಕಿ ಹಾಕಿದ್ದಾರೆ, ಅದು ಕನ್ನಡದ ಅಂಕಿ ಒಂಬತ್ತು. ಕಾರ್ಯಕ್ರಮ ಹೋಗಿ "ಕಾಯ೯ಕ್ರಮ" ಆಗಿದೆ. ವರ್ಷ "ವಷ೯", ಅರ್ಥ "ಅಥ೯". ನೀವೂ ನೋಡಿರ್ತೀರ, ನೆಟ್ಟಲ್ಲಿ ಇದರದ್ದೇ ಒಂದು ಸಂಸಾರ ಇದೆ, ಸೊನ್ನೆ ಬದಲು ಅಂಕಿ ಸೊನ್ನೆ ಹಾಕಿದ "ಬ೦ದ" ಅದರ ತಮ್ಮ. ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಹುಡುಕೋಕೆ ಹೋದ್ರೆ ಮಾತ್ರ, ನಂಬರ್ ನೋಡೋ ಮೆಷಿನ್ನಿಗೆ ಪದದ ನಡುವೆ ಯಾಕೋ ಒಂಬತ್ತು ಬಂದು ಕೂತಿದೆ, ಕಾರ್ಯಕ್ರಮ ಅಂತ ಹುಡುಕಿದವರಿಗೆ ಈ ಕಾಯ೯ಕ್ರಮ ಸಿಗಲ್ಲ.

ಮತ್ತೆ ಫೋನ್ ಮಾಡ್ದೆ. ಅರ್ಕಾವತ್ತು ಬರೆಯೋವಾಗ ಮೊದಲು ರ, ಆಮೇಲೆ ಹಲಂತ, ಆಮೇಲೆ ಯ, ಬಾಯಲ್ಲಿ ಹೇಳೋ ಕ್ರಮದಲ್ಲೇ ಒತ್ತಿ, ಪಕ್ಕಕ್ಕೆ ತಂದು ಕೂರಿಸೋದು ಫಾಂಟಿನ ಕೆಲಸ, ನಿಮ್ಮದಲ್ಲ ಅಂತ ಹೇಳ್ದೆ. ಬರ್ಕೊಂಡ್ರು. ಒಂಬತ್ತು ತೆಗೀರಿ, ರ್ ಹಾಕಿ, ಅಷ್ಟೇ ತಾನೆ ಸಾರ್ ಅಂದ್ರು. ನಾನು ಅಷ್ಟೇ ಅಲ್ಲ, ಜಾಗಾನೂ ಬದಲಾಗಬೇಕು ಅನ್ನೋದರೊಳಗೆ ಫೋನ್ ಇಟ್ಟಾಗಿತ್ತು.

ಫೈಂಡ್ ಆಂಡ್ ರಿಪ್ಲೇಸ್ ಹೊಡೆದಿದ್ದಾರೆ. ಇಡೀ ಪುಟದಲ್ಲಿ ಎಲ್ಲೆಲ್ಲಿ ಒಂಬತ್ತಿತ್ತೋ ಅಲ್ಲೆಲ್ಲಾ ರ್ ಬಂದಿದೆ, ಇದ್ದ ಜಾಗದಲ್ಲೇ. ಕಾರ್ಯಕ್ರಮ ಇದ್ದದ್ದು ಒಂಬತ್ತನೇ ತಾರೀಕು, ದಿನಾಂಕಾನ ಅವರು ಪಾಪ ಕನ್ನಡ ಅಂಕಿಯಲ್ಲೇ ಹಾಕಿದ್ರು. ಈಗಿನ ಪ್ರಕಟಣೆ ಹೀಗಿದೆ, ಅಚ್ಚ ಯೂನಿಕೋಡಲ್ಲಿ:

"ಕನ್ನಡ ಬಳಸಿ. ಕಾಯರ್ಕ್ರಮ ರ್ನೇ ತಾರೀಕು. ಎಲ್ಲರೂ ಬನ್ನಿ."