ಚೆಕ್ಕಿಗೆ ಒತ್ತು, ಲಾಟಿಗೆ ಯಾಕಿಲ್ಲ?

ಶಿರಸಿಯ ಅಡಿಕೆ ವ್ಯಾಪಾರದ ಜಾಗದಲ್ಲಿ ಅರ್ಧ ದಿನ ನಿಂತರೆ ಐದು ಇಂಗ್ಲಿಷ್ ಶಬ್ದಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ: ಲಾಟು, ಟೆಂಡರು, ಲೋಡು, ಬಿಲ್ಲು, ಚೆಕ್ಕು. ಐದಕ್ಕೂ ಕೊನೆಯಲ್ಲಿ ಉಕಾರ ಸೇರಿದೆ. ಆದರೆ ಒತ್ತು ಬಿದ್ದದ್ದು ಬಿಲ್ಲು, ಚೆಕ್ಕು ಎರಡಕ್ಕೆ ಮಾತ್ರ. ‘ಲಾಟ್ಟು’, ‘ಲೋಡ್ಡು’ ಅಂತ ಯಾರೂ ಹೇಳುವುದಿಲ್ಲ; ‘ಬಿಲು’, ‘ಚೆಕು’ ಅಂತಲೂ ಹೇಳುವುದಿಲ್ಲ. ಇಂಗ್ಲಿಷಿನ ಒಂದಕ್ಷರ ಓದಲು ಬಾರದವರೂ ಇದರಲ್ಲಿ ಎಡವುವುದಿಲ್ಲ. ಯಾರೂ ಕಲಿಸದೆ ಎಲ್ಲರೂ ಒಂದೇ ರೀತಿ ಹೇಳುತ್ತಾರೆ ಅಂದಮೇಲೆ ಅದು ತಪ್ಪು ಉಚ್ಚಾರವಲ್ಲ, ವ್ಯಾಕರಣ.

ಹೀಗಿದ್ದೂ ನಮ್ಮಲ್ಲಿ ಓದಿದವರು ಬರೆಯುವಾಗ ಈ ವ್ಯಾಕರಣಕ್ಕೆ ನಾಚುತ್ತಾರೆ. ಬಾಯಲ್ಲಿ ‘ಬಿಲ್ಲಿಗೆ ಸಹಿ ಹಾಕಿ’, ಕಾಗದದಲ್ಲಿ ‘ಬಿಲ್‌ಗೆ ಸಹಿ’. ಪುಣೆಯಲ್ಲಿ ಮರಾಠಿಯವರ ನಡುವೆ ಬದುಕುವ ನನ್ನಂಥವನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಯಾಕೆ ಅನ್ನುವುದಕ್ಕೆ ಮೊದಲು ಆ ಒತ್ತಿನ ಲೆಕ್ಕ ನೋಡೋಣ.

ಹಳಗನ್ನಡದಲ್ಲಿ ಎಷ್ಟೋ ಶಬ್ದಗಳು ವ್ಯಂಜನದಲ್ಲಿ ಮುಗಿಯುತ್ತಿದ್ದವು: ಕಲ್, ಕಣ್, ಮಣ್, ಕಾಲ್, ಊರ್, ನೀರ್. ಹೊಸಗನ್ನಡಕ್ಕೆ ಬರುವಾಗ ಇವೆಲ್ಲಕ್ಕೂ ಉಕಾರ ಸೇರಿತು. ಸೇರುವಾಗ ಹಿಂದಿನ ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಯಾಯಿತು: ಕಲ್ಲು, ಕಣ್ಣು, ಮಣ್ಣು. ದೀರ್ಘವಾಗಿದ್ದರೆ ಒಂಟಿಯಾಗಿಯೇ ಉಳಿಯಿತು: ಕಾಲು, ಊರು, ನೀರು. ಬಾಣ ಹೂಡುವ ‘ಬಿಲ್’ ಹೀಗೆಯೇ ‘ಬಿಲ್ಲು’ ಆದದ್ದು. ಎಷ್ಟೋ ಶತಮಾನ ಕಳೆದು ಇಂಗ್ಲಿಷಿನಿಂದ ಬಂದ ಲೆಕ್ಕದ ಬಿಲ್ ಕೂಡ ಅದೇ ಬಾಗಿಲಲ್ಲಿ ಒಳಗೆ ಬಂದು ಅದೇ ‘ಬಿಲ್ಲು’ ಆಯಿತು. ಬಸ್ಸು, ಪೆನ್ನು, ಟಬ್ಬು, ನಟ್ಟು, ಬುಕ್ಕು, ಪಿನ್ನು ಎಲ್ಲ ಕಲ್ಲಿನ ಸಾಲಿಗೆ. ಕಾರು, ರೋಡು, ಗೇಟು, ಸೀಟು, ಲೈಟು ಎಲ್ಲ ಕಾಲಿನ ಸಾಲಿಗೆ. ಬ್ಯಾಂಕು, ಬಲ್ಬು, ಲಿಫ್ಟುಗಳಲ್ಲಿ ಮೊದಲೇ ಎರಡು ವ್ಯಂಜನ ಇರುವುದರಿಂದ ಉಕಾರವೊಂದೇ ಸಾಕು.

ಈಗ ಲಾಟು. ಇಂಗ್ಲಿಷಿನಲ್ಲಿ ಅದರ ಸ್ವರ ಹ್ರಸ್ವ. ಇಂಗ್ಲಿಷಿನ ಲೆಕ್ಕ ಹಿಡಿದರೆ ಚೆಕ್ಕಿನಂತೆ ಅದಕ್ಕೂ ಒತ್ತು ಬರಬೇಕಿತ್ತು. ಆದರೆ ಬಾಯಿ ಅಗಲಿಸಿ ಹೇಳುವ ಆ ‘ಒ’ಕಾರ ಕನ್ನಡದಲ್ಲಿಲ್ಲ. ನಾವು ಅದನ್ನು ‘ಆ’ ಮಾಡಿಕೊಂಡೆವು: ಕಾಫಿ, ಡಾಕ್ಟರು, ಕಾಲೇಜು, ಆಫೀಸು, ಶಾಪು. ‘ಆ’ ದೀರ್ಘ, ಹಾಗಾಗಿ ಒತ್ತು ಇಲ್ಲ. ಬ್ಯಾಟು, ಬ್ಯಾಗು, ಮ್ಯಾಪುಗಳದೂ ಇದೇ ಕತೆ. ಇಂಗ್ಲಿಷಿನವರಿಗೆ ಅಲ್ಲಿರುವುದು ಹ್ರಸ್ವ, ನಮಗೆ ‘ಯಾ’ ಎಂಬ ದೀರ್ಘ. ಅಂದರೆ ಒತ್ತು ಬೇಕೋ ಬೇಡವೋ ಎಂದು ತೀರ್ಮಾನ ಆಗುವುದು ಶಬ್ದ ಕನ್ನಡದ ಸ್ವರ ತೊಟ್ಟ ಮೇಲೆ. ಮೊದಲು ಸ್ವರ ಬದಲಾಗುತ್ತದೆ, ಆಮೇಲೆ ಅದರ ಉದ್ದ ನೋಡಿ ವ್ಯಂಜನ ಇಮ್ಮಡಿಯಾಗುತ್ತದೆ, ಕೊನೆಗೆ ಉಕಾರ. ಈ ಕ್ರಮ ಹಿಂದುಮುಂದಾದರೆ ‘ಲಾಟ್ಟು’ ಬರಬೇಕಿತ್ತು. ಬಂದಿಲ್ಲ.

ಟೆಂಡರು ಇನ್ನೂ ಸ್ವಾರಸ್ಯದ್ದು. ‘ಟೆಂಡರ್ರು’ ಯಾಕಾಗಲಿಲ್ಲ? ಒಂದು ಕಾರಣ, ಉದ್ದನೆಯ ಶಬ್ದಗಳಲ್ಲಿ ಒತ್ತು ಬರುವುದು ನಮ್ಮ ಹಳೆಯ ರೂಢಿಯಲ್ಲ: ಪಗಲ್ ಹಗಲು ಆಯಿತು, ಬಾಗಿಲ್ ಬಾಗಿಲು ಆಯಿತು, ಹಗಲ್ಲು ಬಾಗಿಲ್ಲು ಆಗಲಿಲ್ಲ. ಇನ್ನೊಂದು, ರೇಫೆಗೆ, ಅಂದರೆ ರಕಾರಕ್ಕೆ, ಉಕಾರ ಸೇರುವಾಗ ಇಮ್ಮಡಿಯಾಗುವ ಗುಣವೇ ಇಲ್ಲ. ನಿಲ್ ನಿಲ್ಲು ಆಯಿತು, ಕೊಳ್ ಕೊಳ್ಳು ಆಯಿತು. ಅವುಗಳಷ್ಟೇ ಗಿಡ್ಡ ಶಬ್ದಗಳಾದ ಬರ್, ತರ್ ಮಾತ್ರ ಬರು, ತರು ಎಂದೇ ಉಳಿದವು. ಪೇಪರು, ಮೀಟರು, ರಬ್ಬರು ಎಲ್ಲ ಆ ದಾರಿಯವು. ಆಡುಮಾತಿನಲ್ಲಿ ನಡುವಿನ ಸ್ವರ ಬಿದ್ದು ಬಾಗಿಲು ಬಾಗ್ಲು ಆದಂತೆ ಹೋಟೆಲು ಹೋಟ್ಲು, ಪೇಪರು ಪೇಪ್ರು, ಟೆಂಡರು ಟೆಂಡ್ರು.

ಆದರೆ ಉದ್ದ ಶಬ್ದಗಳಲ್ಲಿ ಈ ನಿಯಮ ಅಷ್ಟು ಬಿಗಿಯಾಗಿ ನಿಂತಿಲ್ಲ ಅನ್ನುವುದನ್ನೂ ಹೇಳಬೇಕು. ಸೈಕಲ್ಲು, ಹೋಟೆಲ್ಲು, ಟಿಕೆಟ್ಟು, ಇಂಟರ್ನೆಟ್ಟು ಎಲ್ಲ ಧಾರಾಳವಾಗಿ ಓಡಾಡುತ್ತಿವೆ. ಹಗಲು ಬಾಗಿಲುಗಳ ಲೆಕ್ಕದಲ್ಲಿ ಇವು ಹೆಚ್ಚುವರಿ ಒತ್ತು ಹೊತ್ತ ಶಬ್ದಗಳು. ನನಗನಿಸುವುದು, ‘ಈ ಶಬ್ದ ಮೂಲದಲ್ಲಿ ವ್ಯಂಜನದಲ್ಲಿ ಮುಗಿಯುತ್ತದೆ’ ಎಂದು ಗೊತ್ತಿರುವ ಬಾಯಿ ಆ ವ್ಯಂಜನವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಉಕಾರಕ್ಕೆ ಹೋಗುತ್ತದೆ. ಆ ಹಿಡಿತ ಕೂಡ ರೇಫೆಯ ಮುಂದೆ ಸೋಲುತ್ತದೆ. ‘ಡಾಕ್ಟರ್ರು’ ಎಲ್ಲಿಯೂ ಕೇಳುವುದಿಲ್ಲ.

ಇದೆಲ್ಲ ನಾಲಿಗೆಯ ದೋಷ, ಕನ್ನಡಿಗರಿಗೆ ಕೊನೆಯ ವ್ಯಂಜನ ನಿಲ್ಲಿಸಲು ಬರುವುದಿಲ್ಲ ಅನ್ನುವವರು ಕಾರವಾರಕ್ಕೆ ಹೋಗಬೇಕು. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೇ ವ್ಯಕ್ತಿ ಪಕ್ಕದವರಿಗೆ ಕೊಂಕಣಿಯಲ್ಲಿ ‘ಬಸ್ ಆಯ್ಲಿ’ ಅನ್ನುತ್ತಾರೆ, ಮರುಕ್ಷಣ ಇನ್ನೊಬ್ಬರಿಗೆ ಕನ್ನಡದಲ್ಲಿ ‘ಬಸ್ಸು ಬಂತು’ ಅನ್ನುತ್ತಾರೆ. ನಾಲಿಗೆ ಒಂದೇ. ಕೊಂಕಣಿಯಲ್ಲಿ ಶಬ್ದ ಸಕಾರಕ್ಕೇ ನಿಲ್ಲಬಹುದು, ಆದರೆ ಅದಕ್ಕೊಂದು ಲಿಂಗ ಬೇಕು. ‘ಆಯ್ಲಿ’ ಅಂದಾಗ ಬಸ್ಸು ಹೆಣ್ಣಾಯಿತು. ಕನ್ನಡಕ್ಕೆ ಆ ಚಿಂತೆಯಿಲ್ಲ, ನಿರ್ಜೀವ ವಸ್ತು ನಪುಂಸಕ ಎಂದರೆ ಮುಗಿಯಿತು. ಕನ್ನಡಕ್ಕೆ ಬೇಕಾದದ್ದು ಪ್ರತ್ಯಯ ಅಂಟಿಸಲು ಒಂದು ಕೊಂಡಿ.

ಪುಣೆಯಲ್ಲಿ ಕಾಣುವುದು ಇದೇ ಕೆಲಸದ ಬೇರೆ ರೀತಿ. ಮರಾಠಿಯಲ್ಲಿ ಟಿಕೆಟ್ ಎಂಬುದು ‘ತಿಕೀಟ’: ಮೊದಲ ಟಕಾರ ಹೋಗಿ ತಕಾರ ಬಂತು, ಎರಡನೆಯ ಸ್ವರ ಉದ್ದವಾಯಿತು. ಈ ಉದ್ದಕ್ಕೂ ನಮ್ಮ ಒತ್ತಿನಂತೆ ಮನೆಯೊಳಗಿನ ಕಾರಣವೇ ಇದೆ. ಮರಾಠಿಯಲ್ಲಿ ಶಬ್ದದ ಕೊನೆಯ ವ್ಯಂಜನಕ್ಕೆ ಮುಂಚಿನ ಇಕಾರ ಉಕಾರಗಳು ದೀರ್ಘ, ಪ್ರತ್ಯಯ ಬಂದು ಅವು ಒಳಕ್ಕೆ ಸರಿದರೆ ಹ್ರಸ್ವ. ಹೂವು ಅನ್ನಲು ‘ಫೂಲ’, ಹೂವಿಗೆ ಅನ್ನಲು ‘ಫುಲಾಲಾ’. ಅದೇ ಅಚ್ಚಿನಲ್ಲಿ ‘ತಿಕೀಟ’ ಇದ್ದದ್ದು ‘ತಿಕಿಟಾಲಾ’, ‘ಪೋಲೀಸ’ ಇದ್ದದ್ದು ‘ಪೋಲಿಸಾಂನಾ’. ಇಂಗ್ಲಿಷಿನಲ್ಲಿ ಎಂದೂ ಇಲ್ಲದ ಹ್ರಸ್ವ ದೀರ್ಘಗಳ ಈ ಆಟವನ್ನು ಆ ಶಬ್ದಗಳು ಇಲ್ಲಿ ಬಂದು ಕಲಿತವು. ಹಾಗಂತ ಮರಾಠಿ ಎಲ್ಲವನ್ನೂ ಹೀಗೆ ಪಳಗಿಸುವುದಿಲ್ಲ. ಡಾಕ್ಟರು, ಕಾಲೇಜುಗಳ ಅಗಲ ಸ್ವರಕ್ಕೆಂದೇ ಅದು ತಲೆಯ ಮೇಲೆ ಅರ್ಧಚಂದ್ರ ಹೊತ್ತ ಅಕ್ಷರವನ್ನು ಇಟ್ಟುಕೊಂಡಿದೆ. ಅಲ್ಲಿ ನಾವು ಸೀದಾ ‘ಆ’ ಬರೆದು ಮುಗಿಸುತ್ತೇವೆ.

ಹಿಂದಿಯ ಕಡೆ ಕಷ್ಟ ಶಬ್ದದ ಕೊನೆಗಲ್ಲ, ತಲೆಗೆ. ಉತ್ತರ ಪ್ರದೇಶ, ಬಿಹಾರದ ಮಾತಿನಲ್ಲಿ ಸಕಾರದ ಜೊತೆ ಕ, ಟ, ಪಗಳು ಬಂದರೆ ಮುಂದೆ ಇಕಾರ: ಇಸ್ಕೂಲ್, ಇಸ್ಟೇಶನ್. ಎರಡನೆಯದು ರ, ಲಗಳಾದರೆ ನಡುವೆ ಸ್ವರ: ಗಿಲಾಸ್, ಪಿಲೇಟ್. ನಮ್ಮ ಹಳ್ಳಿಗಳಲ್ಲೂ ಇಸ್ಕೂಲು, ಗಲಾಸು ಇವೆ, ಕೊನೆಗೊಂದು ಉಕಾರದ ಸಮೇತ.

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿ ಇದ್ದುದರಿಂದ ಕೆಲವು ಶಬ್ದಗಳು ಮರಾಠಿಯ ರೂಪದಲ್ಲಿಯೇ ಉಳಿದಿವೆ. ಮೈಸೂರಿನ ಕಡೆ ಮೇಷ್ಟ್ರು, ನಮ್ಮಲ್ಲಿ ಮಾಸ್ತರು. ಮರಾಠಿಯ ‘ಮಾಸ್ತರ’ಕ್ಕೆ ನಮ್ಮ ಉಕಾರ. ಬಂದದ್ದು ಯಾವ ದಾರಿಯಿಂದಲೇ ಇರಲಿ, ಕೊನೆಯ ರುಜು ಕನ್ನಡದ್ದು. ಆ ‘ರು’ ಬಹುವಚನದ ‘ರು’ವಿನಂತೆಯೇ ಕೇಳುವುದರಿಂದ ‘ಮಾಸ್ತರು ಬಂದರು’, ‘ಡಾಕ್ಟರು ಬಂದರು’ ಅಂದರೆ ಬೇರೆ ಗೌರವ ಸೇರಿಸಬೇಕಾಗಿಯೂ ಇಲ್ಲ.

ನನ್ನ ತಕರಾರು ಇರುವುದು ಬರವಣಿಗೆಯ ಬಗ್ಗೆ. ಮರಾಠಿಯವರು ‘ತಿಕೀಟ’, ‘ಪೋಲೀಸ’ ಎಂದು ಫಲಕದಲ್ಲೂ ಪತ್ರಿಕೆಯಲ್ಲೂ ಅಚ್ಚು ಹಾಕುತ್ತಾರೆ, ಯಾರಿಗೂ ಅದು ಒರಟು ಅನಿಸುವುದಿಲ್ಲ. ನಾವು ಬಾಯಲ್ಲಿ ಸಲೀಸಾಗಿ ಮಾಡಿದ್ದನ್ನು ಅಚ್ಚಿನಲ್ಲಿ ಕಿತ್ತುಹಾಕುತ್ತೇವೆ: ಬಿಲ್‌ಗೆ, ಚೆಕ್‌ನಲ್ಲಿ, ಬಸ್‌ಗಳು. ಹೀಗೆ ಬರೆಯಲು ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಬಿಡಿಸುವ ಸಂಕೇತ, ಯುನಿಕೋಡಿನ U+200C, ಹಾಕಬೇಕು. ಅದನ್ನು ಮರೆತರೆ ಅಥವಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲಿಸುವಾಗ ಅದು ಬಿದ್ದುಹೋದರೆ ತೆರೆಯ ಮೇಲೆ ‘ಬಿಲ್ಗೆ’, ‘ಚೆಕ್ನಲ್ಲಿ’ ಕಾಣುತ್ತದೆ, ಓದುವವರ ಕಣ್ಣು ಮುಗ್ಗರಿಸುತ್ತದೆ. ಹುಡುಕುವಾಗಲೂ ತೊಂದರೆ, ಸಂಕೇತ ಇರುವ ಶಬ್ದ, ಇಲ್ಲದ ಶಬ್ದ ಎರಡೂ ಕಂಪ್ಯೂಟರಿಗೆ ಬೇರೆ ಬೇರೆ. ‘ಬಿಲ್ಲಿಗೆ’, ‘ಚೆಕ್ಕಿನಲ್ಲಿ’, ‘ಬಸ್ಸುಗಳು’ ಎಂದು ಬರೆದರೆ ಈ ಯಾವ ರಗಳೆಯೂ ಇಲ್ಲ. ಬಿಲ್ಲಿಗೆ ಅನ್ನುವಾಗ ಉಕಾರ ಲೋಪವಾದರೂ ಒತ್ತು ಉಳಿಯುತ್ತದೆ ನೋಡಿ, ಕಲ್ಲಿಗೆ ಅನ್ನುವಾಗ ಉಳಿದ ಹಾಗೆಯೇ.

ಯಾವುದನ್ನು ಹೀಗೆ ಬರೆಯಬಾರದು? ಕಂಪನಿಯ ಹೆಸರು, ಊರಿನ ಹೆಸರು, ಮನುಷ್ಯರ ಹೆಸರು ಬಂದಾಗ ನಾನೂ ಬಿಡಿಸಿಯೇ ಬರೆಯುತ್ತೇನೆ: ಫೇಸ್‌ಬುಕ್‌ನಲ್ಲಿ, ಲಂಡನ್‌ಗೆ. ಹೆಸರಿನ ರೂಪ ಕೆಡಬಾರದು ಅನ್ನುವುದು ಸರಿಯಾದ ಕಾಳಜಿ. ಉಳಿದ ನಾಮಪದಗಳಿಗೆ ಒಂದೇ ಪರೀಕ್ಷೆ ಸಾಕು. ಆ ಶಬ್ದಕ್ಕೆ ‘ಇಗೆ’ ಸೇರಿಸಿ ಜೋರಾಗಿ ಹೇಳಿ. ಶಿರಸಿಯ ಲಾಟಿಗೆ, ಟೆಂಡರಿಗೆ, ಚೆಕ್ಕಿಗೆ ಬಂದಂತೆ ತಡೆಯಿಲ್ಲದೆ ಬಂದರೆ ಹಾಗೇ ಬರೆಯಿರಿ.