ಗುಂಡಿ ಮುಚ್ಚಲ್ಪಟ್ಟಿತು, ಯಾರಿಂದ ಎಂದು ಕೇಳಬೇಡಿ

ಡೊಂಬಿವಲಿಯ ತಾಯಿಯವರಿಗೆ ನಮಸ್ಕಾರ.

‘ಪಾಲಿಕೆಯು ಗುಂಡಿಯನ್ನು ಮುಚ್ಚಿತು’ ಎಂಬ ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ಬದಲಾಯಿಸಲು ಹೇಳಿದ್ದಕ್ಕೆ ನಿಮ್ಮ ಮಗಳು ‘ಪಾಲಿಕೆಯಿಂದ ಗುಂಡಿಯನ್ನು ಮುಚ್ಚಲ್ಪಟ್ಟಿತು’ ಎಂದು ಬರೆದಿದ್ದಾಳೆ. ಟೀಚರ್ ಕೆಂಪು ಗೆರೆ ಎಳೆದಿದ್ದಾರೆ. ‘ಪೇಪರಿನಲ್ಲಿ ದಿನಾ ಹೀಗೇ ಬರುತ್ತದಲ್ಲ’ ಎಂದು ನಿಮ್ಮ ಯಜಮಾನರು ಶಾಲೆಗೆ ಹೊರಟು ನಿಂತಿದ್ದಾರೆ. ದಯವಿಟ್ಟು ಅವರನ್ನು ತಡೆಯಿರಿ. ವಾಕ್ಯ ತಪ್ಪು. ಗುಂಡಿ ನಿಜವಾಗಿ ಮುಚ್ಚಿದೆಯೇ ಎಂಬುದು ಬೇರೆ ಪ್ರಶ್ನೆ, ಅದು ವ್ಯಾಕರಣದ ವಾರ್ಡಿಗೆ ಬರುವುದಿಲ್ಲ.

ಮಗಳು ಮೂರು ಕೆಲಸ ಮಾಡಬೇಕಿತ್ತು, ಎರಡು ಮಾಡಿದ್ದಾಳೆ. ಕರ್ತೃವಿಗೆ ‘ಇಂದ’ ಹಚ್ಚಿದಳು: ಪಾಲಿಕೆಯಿಂದ. ಸರಿ. ಧಾತುವಿಗೆ ‘ಅಲ್’ ಸೇರಿಸಿ, ಅದಕ್ಕೆ ‘ಪಡು’ ಜೋಡಿಸಿ, ಭೂತಕಾಲಕ್ಕೆ ತಂದಳು: ಮುಚ್ಚಲ್ಪಟ್ಟಿತು. ಅದೂ ಸರಿ. ಕರ್ಮಪದದ ‘ಅನ್ನು’ ಕಳಚುವುದನ್ನು ಮಾತ್ರ ಮರೆತಳು. ‘ಪಡು’ ಬಂದ ವಾಕ್ಯದಲ್ಲಿ ಗುಂಡಿಯೇ ಯಜಮಾನ. ಅದು ಪ್ರಥಮಾ ವಿಭಕ್ತಿಯಲ್ಲಿ ಕೂರಬೇಕು, ಕ್ರಿಯಾಪದ ಅದರ ಲಿಂಗ ವಚನಗಳನ್ನೇ ಅನುಸರಿಸಬೇಕು. ‘ಅನ್ನು’ ಹಾಗೇ ಉಳಿದರೆ ವಾಕ್ಯದಲ್ಲಿ ಯಜಮಾನನೇ ಇರುವುದಿಲ್ಲ. ಕಚೇರಿಗಳಲ್ಲಿ ಅದು ನಡೆಯುತ್ತದೆ, ವಾಕ್ಯದಲ್ಲಿ ನಡೆಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ಹೀಗೆ ತಿದ್ದಿಸಿ: ‘ಪಾಲಿಕೆಯಿಂದ ಗುಂಡಿಯು ಮುಚ್ಚಲ್ಪಟ್ಟಿತು.’

ಯಜಮಾನರು ಪೇಪರಿನಲ್ಲಿ ನೋಡಿದ್ದು ಬಹುಶಃ ಇದರ ತಮ್ಮನನ್ನು: ‘ಗುಂಡಿಯನ್ನು ಮುಚ್ಚಲಾಯಿತು.’ ಇಲ್ಲಿ ‘ಪಡು’ ಬದಲು ‘ಆಗು’ ಬಂದಿದೆ, ‘ಅನ್ನು’ ಇದ್ದರೂ ದೋಷವಿಲ್ಲ. ಮಗಳು ಎರಡನ್ನೂ ಕೂಡಿಸಿ ಕಲಸಿದ್ದಾಳೆ. ಮುಂದೆ ಸಂಶಯ ಬಂದರೆ ಕರ್ಮವನ್ನು ಬಹುವಚನ ಮಾಡಿ ನೋಡಲಿ. ‘ಗುಂಡಿಗಳು ಮುಚ್ಚಲ್ಪಟ್ಟವು’ ಎನ್ನುವಾಗ ಕ್ರಿಯಾಪದವೂ ಬದಲಾಗುತ್ತದೆ. ‘ಗುಂಡಿಗಳನ್ನು ಮುಚ್ಚಲಾಯಿತು’ ಎನ್ನುವಾಗ ಕ್ರಿಯಾಪದ ಕದಲುವುದಿಲ್ಲ. ಗುಂಡಿ ಒಂದಿರಲಿ, ಸಾವಿರವಿರಲಿ, ಅದು ‘ಲಾಯಿತು’ ಎಂದೇ ಕೂತಿರುತ್ತದೆ. ಮನುಷ್ಯರಿದ್ದರೂ ಅಷ್ಟೆ: ‘ಕಳ್ಳರು ಹಿಡಿಯಲ್ಪಟ್ಟರು’, ಆದರೆ ‘ಕಳ್ಳರನ್ನು ಹಿಡಿಯಲಾಯಿತು’.

ಈ ‘ಲಾಯಿತು’ ಸರಕಾರಿ ಕನ್ನಡದ ಬೆನ್ನೆಲುಬು. ‘ಪಡು’ ಜೊತೆ ‘ಪಾಲಿಕೆಯಿಂದ’ ಎಂದು ಮಾಡಿದವರ ಹೆಸರಾದರೂ ಬರುತ್ತದೆ. ‘ಲಾಯಿತು’ ಬಂದಾಗ ಕರ್ತೃ ಸಾಮಾನ್ಯವಾಗಿ ನಾಪತ್ತೆ. ಟೆಂಡರ್ ಕರೆಯಲಾಗಿದೆ, ಕಾಮಗಾರಿ ಪೂರ್ಣಗೊಳಿಸಲಾಗಿದೆ, ತನಿಖೆಗೆ ಆದೇಶಿಸಲಾಗಿದೆ. ಕರೆದವರು, ಪೂರ್ಣಗೊಳಿಸಿದವರು, ಆದೇಶಿಸಿದವರು ಯಾರೂ ವಾಕ್ಯದೊಳಗಿಲ್ಲ. ಆದ್ದರಿಂದ ಯಾರನ್ನೂ ಅಮಾನತಿನಲ್ಲಿಡುವಂತಿಲ್ಲ. ಕನ್ನಡದ ಮನೆಮಾತಿನಲ್ಲಿ ಈ ಸೌಲಭ್ಯವಿಲ್ಲ. ‘ಅಮ್ಮಾ, ನನ್ನಿಂದ ದೋಸೆ ತಿನ್ನಲ್ಪಟ್ಟಿತು’ ಎನ್ನುವ ಮಗು ಇನ್ನೂ ಹುಟ್ಟಿಲ್ಲ. ಹಾಗಿದ್ದೂ ಏಳನೇ ಇಯತ್ತೆಯ ಮಗುವಿಗೆ ಇದನ್ನು ತಿದ್ದಿಸುತ್ತೇವೆ. ಮುಂದೆ ಪ್ರೆಸ್ ನೋಟ್ ಬರೆಯುವವರು ಬೇಕಲ್ಲ!

ನಿಮ್ಮ ಮಗಳಿಗೆ ಮುಂಬಯಿ ಕಡೆಯ ಮಕ್ಕಳಿಗಿರುವ ಇನ್ನೊಂದು ತೊಡಕೂ ಇದೆ. ಮರಾಠಿ ಪೀರಿಯಡ್ಡಿನಲ್ಲಿ ಅವಳು ‘ಪಾಲಿಕೇನೆ ಖಡ್ಡಾ ಬುಜವಲಾ’ ಎಂದು ಕಲಿಯುತ್ತಾಳೆ. ಕ್ರಿಯಾಪದ ‘ಖಡ್ಡಾ’ವನ್ನು ಅನುಸರಿಸುವುದರಿಂದ ಅಲ್ಲಿ ಅದರ ಹೆಸರೂ ಕರ್ಮಣಿ ಪ್ರಯೋಗವೇ. ಆದರೆ ಅದು ಬೀದಿಯಲ್ಲಿ ಎಲ್ಲರೂ ಆಡುವ ನೇರ ಮಾತು. ಅದನ್ನು ಕನ್ನಡಕ್ಕೆ ತಂದರೆ ‘ಪಾಲಿಕೆಯು ಗುಂಡಿಯನ್ನು ಮುಚ್ಚಿತು’ ಎಂಬ ಕರ್ತರಿ ವಾಕ್ಯವೇ ಆಗುತ್ತದೆ. ಹೆಸರು ಒಂದೇ, ಕೆಲಸ ಬೇರೆ. ಎರಡು ಪೀರಿಯಡ್ಡುಗಳ ನಿಯಮವನ್ನು ಒಂದೇ ಪುಟದಲ್ಲಿ ಬರೆದುಕೊಳ್ಳದಂತೆ ಅವಳಿಗೆ ಹೇಳಿ.

ಕೊನೆಯ ವಾಕ್ಯವನ್ನು ಮಗಳು ಖಾಲಿ ಬಿಟ್ಟಿದ್ದಾಳೆ ಎಂದು ಬೇಸರಪಟ್ಟಿದ್ದೀರಿ. ‘ಬೈಕ್ ಸವಾರನು ಗುಂಡಿಗೆ ಬಿದ್ದನು’ ಎಂಬುದನ್ನೂ ಕರ್ಮಣಿಗೆ ಬದಲಾಯಿಸಬೇಕಂತೆ. ಮಗಳು ಜಾಣೆ. ‘ಬೀಳು’ ಅಕರ್ಮಕ ಧಾತು. ‘ಏನನ್ನು ಬಿದ್ದನು?’ ಎಂದು ಕೇಳಿ ನೋಡಿ, ಉತ್ತರ ಸಿಗುವುದಿಲ್ಲ. ‘ಗುಂಡಿಗೆ’ ಎಂಬುದು ಚತುರ್ಥೀ, ಕರ್ಮವಲ್ಲ. ಕರ್ಮವಿಲ್ಲದ ಮೇಲೆ ಕರ್ಮಣಿ ಎಲ್ಲಿಂದ ಬಂದೀತು? ‘ಸವಾರನು ಬೀಳಲ್ಪಟ್ಟನು’ ಎಂದು ಗೈಡಿನಲ್ಲಿ ಅಚ್ಚಾಗಿದ್ದರೂ ನಂಬಬೇಡಿ. ‘ಅಕರ್ಮಕ ಧಾತು, ಪರಿವರ್ತನೆ ಸಾಧ್ಯವಿಲ್ಲ’ ಎಂದು ಬರೆಸಿ, ಪೂರ್ಣ ಅಂಕ ಕೇಳಿ. ಗುಂಡಿ ತೋಡಲಾಗುತ್ತದೆ, ಬಿಲ್ಲು ಪಾಸು ಮಾಡಲಾಗುತ್ತದೆ, ಗುಂಡಿ ಮುಚ್ಚಲಾಗುತ್ತದೆ. ಬೀಳುವುದೊಂದನ್ನು ಮಾತ್ರ ಸವಾರ ಸ್ವತಃ ಮಾಡಬೇಕಾಗುತ್ತದೆ.