ಮೂರನೇ ಸಲ ಗ್ಯಾಸ್ ತುಂಬಿಸೋ ಮುಂಚೆ

ಫ್ರಿಡ್ಜ್‌ನ ಗ್ಯಾಸ್ ಖರ್ಚಾಗಿ ಮುಗಿಯುವ ವಸ್ತುವಲ್ಲ. ಒಲೆಯ ಸಿಲಿಂಡರ್‌ನಂತೆ ಅದು ಉರಿದು ಖಾಲಿಯಾಗುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರಬೇಕು. "ಗ್ಯಾಸ್ ಖಾಲಿ ಆಗಿದೆ, ತುಂಬಿಸಿದ್ರೆ ಸರಿ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಅವರು ಅರ್ಧ ಮಾತು ಮಾತ್ರ ಹೇಳಿದ್ದಾರೆ. ಎಲ್ಲಿಂದ ಹೋಯಿತು ಅನ್ನುವುದು ಉಳಿದರ್ಧ. ಅದು ಗೊತ್ತಾಗದೆ ತುಂಬಿಸಿದ್ದು ರಿಪೇರಿಯೇ ಅಲ್ಲ.

ನನ್ನ ವಾದ ಇಷ್ಟೇ. ಅದೇ ಫ್ರಿಡ್ಜ್‌ಗೆ ಎರಡನೇ ಸಲ ಗ್ಯಾಸ್ ಹೋಯಿತೆಂದರೆ ಲೀಕ್ ಎಲ್ಲಿದೆ ಅಂತ ತೋರಿಸದೆ ಯಾರಿಗೂ ಮುಟ್ಟಲು ಬಿಡಬೇಡಿ. ಲೀಕ್ ಇರುವುದು ಫ್ರಿಡ್ಜ್‌ನ ಗೋಡೆಯ ಫೋಮ್ ಒಳಗೆ ಅಂತಾದರೆ ಮೂರನೇ ಸಲದ ಯೋಚನೆಯನ್ನೇ ಬಿಡಿ. ವಾರಂಟಿ ಇದ್ದರೆ ಬದಲಿ ಫ್ರಿಡ್ಜ್ ಕೇಳಿ, ಇಲ್ಲದಿದ್ದರೆ ಹೊಸದು ತನ್ನಿ.

ಮೊದಲು ಅದು ನಿಜಕ್ಕೂ ಗ್ಯಾಸ್‌ನದೇ ತೊಂದರೆಯೋ ನೋಡಿಕೊಳ್ಳಿ. ಗ್ಯಾಸ್ ಕಡಿಮೆಯಾದಾಗ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಆದರೆ ಸಾಮಾನ್ಯವಾಗಿ ಬೆಚ್ಚಗಿರುವ ಪಕ್ಕದ ಗೋಡೆ ತಣ್ಣಗೇ ಇರುತ್ತದೆ. ಫ್ರೀಜರ್‌ನ ತಗಡಿನ ತುಂಬಾ ಸಮನಾಗಿ ಕೂರಬೇಕಾದ ಹಿಮ, ಗ್ಯಾಸ್ ಒಳಬರುವ ಮೂಲೆಯಲ್ಲಿ ಅಂಗೈ ಅಗಲ ಮಾತ್ರ ಕೂತು ಉಳಿದದ್ದೆಲ್ಲ ಒಣಗಿರುತ್ತದೆ. ಫ್ರಾಸ್ಟ್ ಫ್ರೀ ಫ್ರಿಡ್ಜ್‌ನಲ್ಲಿ ಹಿಂದಿನ ಪ್ಯಾನೆಲ್ ಬಿಚ್ಚಿದಾಗ ಕಾಯಿಲ್ ಪೂರ್ತಿ ಮಂಜುಗಡ್ಡೆಯಲ್ಲಿ ಮುಳುಗಿದ್ದರೆ ಬಹುತೇಕ ಅದು ಡಿಫ್ರಾಸ್ಟ್ ಹೀಟರ್‌ನದೋ ಸೆನ್ಸರ್‌ನದೋ ತೊಂದರೆ. ಅಲ್ಲಿ ಗ್ಯಾಸ್ ತುಂಬಿಸಿದರೆ ಗ್ಯಾಸೂ ದಂಡ, ಫ್ರಿಡ್ಜೂ ದಂಡ. ಥರ್ಮೋಸ್ಟಾಟ್, ರಿಲೇ, ಫ್ಯಾನ್ ಮೋಟರ್, ಬಾಗಿಲಿನ ರಬ್ಬರ್, ಇವೆಲ್ಲ ಬದಲಾಯಿಸಿದರೆ ಮುಗಿಯುವ ಕೆಲಸಗಳು. ಅಂಥದ್ದಕ್ಕೆ ಫ್ರಿಡ್ಜ್ ಎಸೆಯಿರಿ ಅಂತ ನಾನು ಹೇಳುತ್ತಿಲ್ಲ.

ಈಗ ಲೀಕ್ ವಿಷಯ. ಕೊಳವೆಯ ಒಂದಿಷ್ಟು ಭಾಗ ಮಾತ್ರ ಹಿಂದುಗಡೆ ಕಂಪ್ರೆಸರ್ ಪಕ್ಕದಲ್ಲಿ ಕಣ್ಣಿಗೆ ಕಾಣುತ್ತದೆ. ಅಲ್ಲಿನ ಬೆಸುಗೆ ಬಿಟ್ಟಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಗ್ಯಾಸ್ ಜೊತೆ ಸ್ವಲ್ಪ ಎಣ್ಣೆಯೂ ಹೊರಬರುವುದರಿಂದ ಆ ಜಾಗದಲ್ಲಿ ಧೂಳು ಅಂಟಿಕೊಂಡ ಜಿಡ್ಡಿನ ಕಲೆ ಕಾಣುತ್ತದೆ. ಅದನ್ನು ಸರಿ ಮಾಡಬಹುದು, ಮಾಡಿಸಲೇಬೇಕು. ಆದರೆ ಈಗಿನ ಬಹಳಷ್ಟು ಫ್ರಿಡ್ಜ್‌ಗಳಲ್ಲಿ ಗ್ಯಾಸ್‌ನ ಬಿಸಿ ಹೊರಬಿಡುವ ಕಂಡೆನ್ಸರ್ ಕೊಳವೆ ಪಕ್ಕದ ಗೋಡೆಗಳ ಒಳಗೆ, ಫೋಮ್‌ನಲ್ಲಿ ಹೂತಿರುತ್ತದೆ. ಬಾಗಿಲಿನ ಚೌಕಟ್ಟಿನ ಸುತ್ತಲೂ ಒಂದು ಬಿಸಿ ಕೊಳವೆ ಹೋಗಿರುತ್ತದೆ, ಅಂಚಿನಲ್ಲಿ ನೀರು ಬೆವರದಿರಲಿ ಅಂತ. ಇವು ಹೆಚ್ಚಾಗಿ ಉಕ್ಕಿನವು. ಫೋಮ್‌ಗೆ ತೇವ ಸೇರಿತೆಂದರೆ ಹೊರಗಿನಿಂದ ತುಕ್ಕು ತಿನ್ನುತ್ತಾ ಬರುತ್ತದೆ. ಸೂಜಿಮೊನೆಯಷ್ಟು ತೂತು ಸಾಕು. ಫೋಮ್ ಕೆತ್ತಿ ಅದನ್ನು ಹುಡುಕುವುದು ಆಗದ ಮಾತು. ಒಂದು ಕಡೆ ತುಕ್ಕು ತಿಂದ ಕೊಳವೆ ಪಕ್ಕದಲ್ಲೂ ತೆಳುವಾಗಿರುತ್ತದೆ ಅನ್ನುವುದು ಬೇರೆ ಮಾತು.

ತೂತಿನ ಜಾಗ ಸಿಗದಿದ್ದರೂ ಲೀಕ್ ಯಾವ ಭಾಗದಲ್ಲಿದೆ ಅಂತ ಪತ್ತೆ ಹಚ್ಚುವ ಕ್ರಮ ಕಷ್ಟವೇನಲ್ಲ, ಸಮಯ ಬೇಕು ಅಷ್ಟೆ. ಉಳಿದ ಗ್ಯಾಸ್ ತೆಗೆದು, ತೇವ ಹೀರುವ ಫಿಲ್ಟರ್ ಡ್ರೈಯರ್ ಕತ್ತರಿಸಿ, ಬಿಸಿ ಭಾಗವನ್ನೂ ತಣ್ಣನೆಯ ಭಾಗವನ್ನೂ ಬೇರೆ ಬೇರೆ ಮುಚ್ಚಿ, ಎರಡಕ್ಕೂ ನೈಟ್ರೋಜನ್ ಒತ್ತಡ ಕೊಟ್ಟು ಗೇಜ್ ಹಾಕಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಯಾವ ಗೇಜ್ ಇಳಿದಿದೆಯೋ ಲೀಕ್ ಆ ಕಡೆ. ಫ್ರಿಡ್ಜ್ ಓಡುತ್ತಿರುವಾಗಲೇ ಸೋಪು ನೀರು ಹಚ್ಚಿ "ಲೀಕ್ ಇಲ್ಲ" ಅನ್ನುವವರಿದ್ದಾರೆ. ಆರ್-600ಎ ಗ್ಯಾಸ್‌ನ ಫ್ರಿಡ್ಜ್‌ನಲ್ಲಿ ತಣ್ಣನೆಯ ಕಡೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹೊರಗಿನ ಗಾಳಿಯ ಒತ್ತಡದಲ್ಲಿ ಆ ಗ್ಯಾಸ್ ಕುದಿಯುವುದು ಮೈನಸ್ 12 ಡಿಗ್ರಿಯ ಆಸುಪಾಸಿನಲ್ಲಿ. ಫ್ರೀಜರ್ ಕಾಯಿಲ್ ಅದಕ್ಕಿಂತ ತುಂಬಾ ತಣ್ಣಗಿರುವುದರಿಂದ ಮೋಟರ್ ಓಡುವಾಗ ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ತೂತು ಗುಳ್ಳೆ ಬಿಡುವುದಿಲ್ಲ, ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಪದೇ ಪದೇ ತುಂಬಿಸುವುದು ಹಣ ದಂಡ ಅನ್ನುವಷ್ಟಕ್ಕೇ ನಿಲ್ಲುವುದಿಲ್ಲ, ಅದು ಫ್ರಿಡ್ಜ್ ಅನ್ನೇ ಕೆಡಿಸುತ್ತದೆ. ಹೀಗೆ ಒಳಬಂದ ಗಾಳಿಯ ಜೊತೆ ತೇವವೂ ಬರುತ್ತದೆ. ಸಿಸ್ಟಂ ತೆರೆದಾಗಲೆಲ್ಲ ಇನ್ನಷ್ಟು ಬರುತ್ತದೆ. ಅದನ್ನು ಹೀರಿಕೊಳ್ಳುವುದು ಫಿಲ್ಟರ್ ಡ್ರೈಯರ್, ಬೆರಳುದ್ದದ ಡಬ್ಬಿ. ಪ್ರತಿ ಸಲ ಅದನ್ನು ಬದಲಾಯಿಸಬೇಕು, ಆಮೇಲೆ ಪಂಪ್ ಹಾಕಿ ಅರ್ಧ ಮುಕ್ಕಾಲು ಗಂಟೆಯಾದರೂ ವ್ಯಾಕ್ಯೂಮ್ ಎಳೆಯಬೇಕು. ಹತ್ತು ನಿಮಿಷದಲ್ಲಿ ಮುಗಿಸಿದ ಕೆಲಸದಲ್ಲಿ ತೇವ ಒಳಗೇ ಉಳಿಯುತ್ತದೆ. ಗ್ಯಾಸನ್ನು ಫ್ರೀಜರ್ ಕಾಯಿಲ್‌ಗೆ ಒಯ್ಯುವ ಸಪೂರ ಕೊಳವೆ ಕ್ಯಾಪಿಲರಿ, ಅದರ ಒಳಗಿಂಡಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅದರ ಬಾಯಲ್ಲಿ ಆ ತೇವ ಮಂಜುಗಡ್ಡೆಯಾಗಿ ಕೂತು ದಾರಿ ಕಟ್ಟುತ್ತದೆ. ರಾತ್ರಿ ಆಫ್ ಮಾಡಿ ಬೆಳಗ್ಗೆ ಹಾಕಿದರೆ ಚೆನ್ನಾಗಿ ತಣ್ಣಗಾಗುತ್ತದೆ, ಕೆಲವು ಗಂಟೆ ಕಳೆದರೆ ಮತ್ತೆ ನಿಂತುಹೋಗುತ್ತದೆ. ಈ ಲಕ್ಷಣ ಕಂಡರೆ ಅದು ಹಳೇ ಲೀಕ್ ಅಲ್ಲ, ರಿಪೇರಿ ತಂದಿಟ್ಟ ಹೊಸ ಕಾಯಿಲೆ.

ಒಂದು ಲೆಕ್ಕ ಹಾಕಿ ನೋಡೋಣ. ಫ್ರಿಡ್ಜ್‌ನ ಗ್ಯಾಸ್ 60 ಗ್ರಾಂ, ಅದರಲ್ಲಿ 15 ಗ್ರಾಂ ಹೋದರೆ ಕೂಲಿಂಗ್ ಕೆಡುತ್ತದೆ ಅಂದುಕೊಳ್ಳಿ. ಮೊದಲ ಸಲ ತುಂಬಿಸಿದ್ದು 240 ದಿನ ಬಂತು. ಅಂದರೆ 16 ದಿನಕ್ಕೆ ಒಂದು ಗ್ರಾಂ. ಎರಡನೇದು 90 ದಿನ, 6 ದಿನಕ್ಕೆ ಒಂದು ಗ್ರಾಂ. ಮೂರನೇದು 30 ದಿನ, ಎರಡೇ ದಿನಕ್ಕೆ ಒಂದು. ತೂತು ದೊಡ್ಡದಾಗುತ್ತಿದೆ ಅಂತ ಆ ದಿನಗಳೇ ಹೇಳುತ್ತಿವೆ. ರಿಪೇರಿ ಖರ್ಚು ಹೊಸದರ ಅರ್ಧಕ್ಕಿಂತ ಕಡಿಮೆಯಿದ್ದರೆ ರಿಪೇರಿ ಮಾಡಿಸಿ ಅನ್ನುವ ಹಳೇ ಸೂತ್ರ ಇಲ್ಲಿ ಮೋಸ ಮಾಡುತ್ತದೆ. ಅದು ನೋಡುವುದು ಒಂದು ಸಲದ ಬಿಲ್ಲನ್ನು. ನೀವು ನೋಡಬೇಕಾದ್ದು ಆ ಬಿಲ್ ಎಷ್ಟು ದಿನ ಬಂತು ಅನ್ನುವುದನ್ನು. ಜೊತೆಗೆ ಕರೆಂಟ್ ಬೇರೆ. 100 ವ್ಯಾಟ್ ಎಳೆಯುವ ಕಂಪ್ರೆಸರ್ ಅರ್ಧ ಹೊತ್ತು ಓಡಿದರೆ ದಿನಕ್ಕೆ 1.2 ಯೂನಿಟ್. ಗ್ಯಾಸ್ ಕಡಿಮೆಯಾಗಿ 24 ಗಂಟೆಯೂ ಓಡುತ್ತಾ ಅಷ್ಟೇ ವ್ಯಾಟ್ ಎಳೆದರೆ 2.4.

ಒಂದು ಅಪವಾದ ಇದೆ. ಲೀಕ್ ಬಾಗಿಲ ಚೌಕಟ್ಟಿನ ಕೊಳವೆಯಲ್ಲಿ ಮಾತ್ರ ಅಂತ ನೈಟ್ರೋಜನ್ ಟೆಸ್ಟ್‌ನಲ್ಲಿ ಖಚಿತವಾದರೆ ಅದನ್ನು ಬಿಟ್ಟು ಬೈಪಾಸ್ ಮಾಡಬಹುದು. ಗೋಡೆಯೊಳಗಿನ ಕಂಡೆನ್ಸರ್ ಬಿಟ್ಟು ಹಿಂದೆ ಹೊರಗಡೆ ಹೊಸ ಜಾಲರಿ ಕಟ್ಟುವವರೂ ಇದ್ದಾರೆ. ಒಂದೇ ಒಂದು ಸಲ ಇದನ್ನು ಒಪ್ಪಬಹುದು, ಅದೂ ಕಂಪ್ರೆಸರ್ ಚೆನ್ನಾಗಿದ್ದರೆ. ಮಳೆಗಾಲದಲ್ಲಿ ಬಾಗಿಲಿನ ಅಂಚು ಬೆವರುತ್ತದೆ, ಒರೆಸಿಕೊಳ್ಳಬೇಕು. ತಣ್ಣನೆಯ ಭಾಗದ ಕೊಳವೆ ಫೋಮ್ ಒಳಗೆ ತೂತಾಗಿದ್ದರೆ ಮಾತ್ರ ಈ ದಾರಿಯೂ ಇಲ್ಲ.

ವಾರಂಟಿ ಇರುವವರು ಜಾಬ್ ಕಾರ್ಡ್ ಸರಿಯಾಗಿ ಓದಿ. ಒಂದು ಸಲ "ಕೂಲಿಂಗ್ ಇಲ್ಲ", ಇನ್ನೊಂದು ಸಲ "ಗ್ಯಾಸ್ ಚಾರ್ಜ್", ಮತ್ತೊಂದು ಸಲ "ಜನರಲ್ ಸರ್ವಿಸ್" ಅಂತ ಬರೆದಿದ್ದರೆ ಕಾಗದದ ಮೇಲೆ ಅವು ಮೂರು ಬೇರೆ ಬೇರೆ ದೂರುಗಳು. ಬದಲಿ ಕೇಳಿದಾಗ "ಅದೇ ದೋಷ ಮರುಕಳಿಸಿಲ್ಲ" ಅನ್ನಲು ಇದು ಸಾಕು. ಕಂಪ್ರೆಸರ್‌ಗೆ ಹತ್ತು ವರ್ಷ ವಾರಂಟಿ ಅಂತಿದ್ದರೂ ಕೊಳವೆ, ಗ್ಯಾಸ್ ಅದರಲ್ಲಿ ಸೇರದೇ ಇರಬಹುದು, ಅದನ್ನೂ ನೋಡಿ. ಮೆಕ್ಯಾನಿಕ್ ಹೊರಡುವ ಮೊದಲು ಕಾರ್ಡ್‌ನಲ್ಲಿ ನಾಲ್ಕು ವಿಷಯ ಬರೆಸಿಕೊಳ್ಳಿ: ಲೀಕ್ ಎಲ್ಲಿ ಸಿಕ್ಕಿತು, ಎಷ್ಟು ಹೊತ್ತು ಒತ್ತಡ ನಿಲ್ಲಿಸಿ ನೋಡಿದರು, ಡ್ರೈಯರ್ ಬದಲಾಯಿಸಿದರೋ, ತಕ್ಕಡಿಯಲ್ಲಿ ತೂಗಿ ಎಷ್ಟು ಗ್ರಾಂ ಹಾಕಿದರು. ಲೀಕ್ ಸಿಗಲಿಲ್ಲ ಅಂದರೆ "ಲೀಕ್ ಸಿಗಲಿಲ್ಲ" ಅಂತಲೇ ಬರೆಯಲಿ. ಮುಂದಿನ ಸಲ ಬದಲಿ ಫ್ರಿಡ್ಜ್ ಕೇಳುವಾಗ ನೀವು ಮೊದಲು ಮುಂದಿಡಬೇಕಾದ ಕಾಗದ ಅದೇ.